‘ಪ್ರಗತಿ ತೃಪ್ತಿಕರ’ ಎಂದಷ್ಟೇ ಬರೆದರೆ ಸಾಕೇ? ಪರಿಶೀಲನಾ ಸಭೆಯ ನಡಾವಳಿ ಬರೆಯುವ ಬಗೆ

ಪ್ರಶ್ನೆ: ಮೊದಲ ಸಲ ಪಿಎಚ್‌.ಡಿ. ಗೈಡ್ ಆಗಿದ್ದೇನೆ. ನನ್ನ ವಿದ್ಯಾರ್ಥಿನಿಯ ನಾಲ್ಕನೇ ಪರಿಶೀಲನಾ ಸಭೆ ಮೊನ್ನೆ ಮುಗಿಯಿತು. ನಡಾವಳಿ ನಾನೇ ಬರೆಯಬೇಕು. ಹಿಂದಿನ ಮೂರರಲ್ಲೂ ‘ಪ್ರಗತಿ ತೃಪ್ತಿಕರ, ಮುಂದುವರಿಸಬಹುದು’ ಅಂತ ಎರಡೇ ಸಾಲು ಇದೆ. ಅವಳ ವಿಷಯ ಅಲ್ಯೂಮಿನಾ ಲೇಪಿಸಿದ ಇದ್ದಿಲಿನಿಂದ ನೀರಿನ ಫ್ಲೋರೈಡ್ ತೆಗೆಯುವುದು. ಲೀಟರಿಗೆ 2 ಗ್ರಾಂ ಇದ್ದಿಲು ಹಾಕಿದರೆ 10 ಮಿಲಿಗ್ರಾಂ ಇದ್ದ ಫ್ಲೋರೈಡ್ 1.2ಕ್ಕೆ ಇಳಿಯುತ್ತದೆ ಎಂದು ತೋರಿಸಿದಳು. ಹೊರಗಿನ ಸದಸ್ಯರು ‘ಟಿಸಾಬ್ ಹಾಕಿ ಅಳೆದಿರಾ?’ ಎಂದು ಕೇಳಿದರು. ಅಳೆಯುವ ಮುಂಚೆ ಸೇರಿಸುವ ಆ ದ್ರಾವಣವನ್ನು ಅವಳು ಹಾಕಿರಲಿಲ್ಲ. ಆಮೇಲೆ ಒಂದು ಗಂಟೆ ಅದೇ ಚರ್ಚೆ. ಹುಡುಗಿ ತುಂಬಾ ಶ್ರಮ ಪಡುತ್ತಾಳೆ, ಅವಳಿಗೆ ತೊಂದರೆ ಆಗಬಾರದು. ಎಷ್ಟು ಬರೆಯಲಿ, ಹೇಗೆ ಬರೆಯಲಿ?

ಉತ್ತರ: ಎರಡು ಸಾಲು ಸಾಲದು. ಈ ಸಭೆಗೆ ಒಂದೂವರೆ ಪುಟವಾದರೂ ಬೇಕು. ಅಳತೆಯ ಬಗ್ಗೆ ಬಂದ ಅನುಮಾನವನ್ನು ಬಿಡದೆ ಬರೆಯಿರಿ. ಅದನ್ನು ಬಿಟ್ಟರೆ ಹುಡುಗಿಗೆ ಒಳ್ಳೆಯದು ಅಂತ ಈಗ ನಿಮಗೆ ಅನ್ನಿಸಬಹುದು. ಮುಂದೆ ಅವಳಿಗೇ ಅದರಿಂದ ತೊಂದರೆ ಆಗುತ್ತದೆ. ಹೇಗೆ ಅಂತ ಹೇಳುತ್ತೇನೆ.

ನಡಾವಳಿ ಬರೆಯುವಾಗ ಸಭೆ ಇನ್ನೂ ನಮ್ಮ ಕಣ್ಣ ಮುಂದೆ ಇರುತ್ತದೆ. ಯಾರು ಏನು ಕೇಳಿದರು, ಯಾವ ಸ್ಲೈಡಿನ ಹತ್ತಿರ ಮಾತು ನಿಂತಿತು, ಎಲ್ಲ ನೆನಪಿರುತ್ತದೆ. ಹಾಗಾಗಿ ಚುಟುಕಾಗಿ ಬರೆದರೂ ಅರ್ಥವಾಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಅದನ್ನು ನಿಜವಾಗಿ ಓದುವುದು ಆರು ತಿಂಗಳ ಮೇಲೆ, ಮುಂದಿನ ಸಭೆಯ ಹಿಂದಿನ ರಾತ್ರಿ. ಆ ಹೊತ್ತಿಗೆ ಹೊರಗಿನ ಸದಸ್ಯರು ಬದಲಾಗಿರಬಹುದು. ನಿಮಗೇ ಅರ್ಧ ಮರೆತುಹೋಗಿರುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಸಂಚಾಲಕನಾಗಿದ್ದ ಒಂದು ಸಮಿತಿಯ ಮಾತು ಇದು. ನಡಾವಳಿಯಲ್ಲಿ ‘ಇನ್ನೂ ಕೆಲವು ಮಾದರಿಗಳ ಮೇಲೆ ಪ್ರಯೋಗ ಮಾಡುವಂತೆ ಸೂಚಿಸಲಾಯಿತು’ ಎಂದು ಬರೆದು ಸಹಿ ಹಾಕಿಸಿದೆ. ಆ ದಿನ ನಮಗೆಲ್ಲ ‘ಕೆಲವು’ ಅಂದರೆ ನಾಲ್ಕೈದು ಎಂದೇ ಇತ್ತು. ಹುಡುಗ ನಾಲ್ಕು ಮಾಡಿಕೊಂಡು ಬಂದ. ಅಷ್ಟರಲ್ಲಿ ಹಳೆಯ ಸದಸ್ಯರು ನಿವೃತ್ತರಾಗಿ ಹೊಸಬರು ಬಂದಿದ್ದರು. ಅವರು ನಡಾವಳಿ ಓದಿ, ಹನ್ನೆರಡು ಮಾದರಿಯಾದರೂ ಬೇಕಿತ್ತಲ್ಲ, ಮಳೆಗಾಲದ್ದು ಬೇರೆ, ಬೇಸಿಗೆಯದು ಬೇರೆ ಬೇಕಿತ್ತಲ್ಲ ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹುಡುಗ ಮಾಡಿದ್ದರಲ್ಲೂ ತಪ್ಪಿರಲಿಲ್ಲ. ಆ ‘ಕೆಲವು’ ಅನ್ನುವ ಪದ ನನ್ನದು. ಅವನಿಗೆ ಒಂದು ಸೆಮಿಸ್ಟರ್ ಹೋಯಿತು. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ.

ಅಂದಿನಿಂದ ಪ್ರತಿ ನಡಾವಳಿಯನ್ನೂ ಒಂದೇ ಪ್ರಶ್ನೆ ಹಾಕಿ ನೋಡುತ್ತೇನೆ. ಸಭೆಯಲ್ಲಿ ಇಲ್ಲದ ಒಬ್ಬರು ಆರು ತಿಂಗಳ ಮೇಲೆ ಬರೀ ಈ ಹಾಳೆ ಹಿಡಿದುಕೊಂಡು, ಹೇಳಿದ ಕೆಲಸ ಆಗಿದೆಯೋ ಇಲ್ಲವೋ ಎಂದು ಹೇಳಬಲ್ಲರೇ? ಆಗುವುದಿಲ್ಲ ಅನ್ನಿಸಿದರೆ ಆ ಸಾಲನ್ನು ಮತ್ತೆ ಬರೆಯುತ್ತೇನೆ.

ಇನ್ನು ನಿಮ್ಮ ಹಾಳೆಗೆ ಬರೋಣ. ಮೇಲ್ಭಾಗ ಬೇಗ ಮುಗಿಯುತ್ತದೆ. ವಿದ್ಯಾರ್ಥಿನಿಯ ಹೆಸರು, ನೋಂದಣಿ ಸಂಖ್ಯೆ ಮತ್ತು ದಿನಾಂಕ, ಇದು ಎಷ್ಟನೇ ಪರಿಶೀಲನೆ, ಯಾವ ತಿಂಗಳಿಂದ ಯಾವ ತಿಂಗಳವರೆಗಿನ ಕೆಲಸ, ಸಭೆಯ ದಿನಾಂಕ, ಯಾರು ಬಂದಿದ್ದರು, ಯಾರು ಆನ್‌ಲೈನಿನಲ್ಲಿ ಇದ್ದರು, ಯಾರು ಬರಲಿಲ್ಲ. ‘ಯಾವ ಅವಧಿಯ ಕೆಲಸ’ ಎನ್ನುವುದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ನಡುವೆ ಮಂಜೂರಾದ ರಜೆ ಇದ್ದರೆ ಅದರ ದಿನಾಂಕಗಳನ್ನು ಇಲ್ಲೇ ಹಾಕಿ. ರಜೆಯ ಕಾರಣ ಬೇಡ. ಕಾಯಿಲೆ, ಹೆರಿಗೆ, ಮನೆಯ ವಿಷಯ ಯಾವುದೂ ಈ ಹಾಳೆಗೆ ಬರಬಾರದು, ಯಾಕಂದರೆ ಇದು ಹತ್ತಾರು ಕೈಗಳಿಗೆ ಹೋಗುತ್ತದೆ. ರಜೆ ಇತ್ತು ಎಂದು ತಿಳಿದರೆ ಸಾಕು, ಆರು ತಿಂಗಳಲ್ಲಿ ನಾಲ್ಕೇ ತಿಂಗಳ ಕೆಲಸ ಯಾಕಿದೆ ಎಂಬುದು ಓದುವವರಿಗೆ ಗೊತ್ತಾಗುತ್ತದೆ.

ಆಮೇಲೆ ಹಿಂದಿನ ಸಭೆಯ ಶಿಫಾರಸುಗಳ ಮೇಲೆ ಏನು ಕ್ರಮ ಆಯಿತು ಎಂಬುದು ಬರಬೇಕು. ನಿಮ್ಮ ಹಿಂದಿನ ಮೂರು ನಡಾವಳಿಗಳಲ್ಲಿ ಶಿಫಾರಸೇ ಇಲ್ಲ. ಆಗ ಬಾಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಅದನ್ನು ಈಗ ಹಳೆಯ ಶಿಫಾರಸು ಎಂದು ತೋರಿಸಲು ಹೋಗಬೇಡಿ. ‘ಮೂರನೇ ಪರಿಶೀಲನೆಯ ನಡಾವಳಿಯಲ್ಲಿ ನಿರ್ದಿಷ್ಟ ಶಿಫಾರಸುಗಳು ದಾಖಲಾಗಿಲ್ಲ’ ಎಂದು ಇದ್ದದ್ದು ಇದ್ದಂತೆ ಒಂದು ಸಾಲು ಬರೆಯಿರಿ. ಓದುವಾಗ ಸ್ವಲ್ಪ ಮುಜುಗರ ಆಗುತ್ತದೆ, ಪರವಾಗಿಲ್ಲ. ಐದನೇ ಸಭೆಯಿಂದ ಈ ಜಾಗದಲ್ಲಿ ಒಂದು ಕೋಷ್ಟಕ ಬರುತ್ತದೆ: ಹೇಳಿದ್ದು ಏನು, ಆಗಿದ್ದು ಏನು, ಪುರಾವೆ ಎಲ್ಲಿದೆ.

ಈಗ ಮುಖ್ಯ ಭಾಗ. ಇಲ್ಲಿ ಮೂರು ದನಿಗಳು ಇರುತ್ತವೆ. ವಿದ್ಯಾರ್ಥಿನಿ ಹೇಳಿದ್ದು ಒಂದು. ಸಮಿತಿ ಕಂಡದ್ದು ಒಂದು. ಸಮಿತಿ ತೀರ್ಮಾನಿಸಿದ್ದು ಇನ್ನೊಂದು. ಕನ್ನಡದಲ್ಲಿ ನಡಾವಳಿ ಬರೆಯುವಾಗ ನಾವು ಮೂರಕ್ಕೂ ‘ಲಾಯಿತು’ ಹಚ್ಚಿಬಿಡುತ್ತೇವೆ. ‘ಫ್ಲೋರೈಡ್ ಶೇ. 88ರಷ್ಟು ತೆಗೆಯಲಾಯಿತು. ಅಳತೆಯ ಬಗ್ಗೆ ಚರ್ಚಿಸಲಾಯಿತು. ಸುಧಾರಿಸಲು ಸೂಚಿಸಲಾಯಿತು.’ ಕೇಳಲು ಗಂಭೀರವಾಗಿದೆ. ಆದರೆ ಯಾರು ಹೇಳಿದರು, ಯಾರು ಒಪ್ಪಿದರು ಎಂಬುದು ಇದರಲ್ಲಿ ಇಲ್ಲ. ಇದನ್ನು ಓದಿದವರು ಶೇ. 88 ಎಂಬುದನ್ನು ಸಮಿತಿ ಒಪ್ಪಿಕೊಂಡಿದೆ ಎಂದೇ ತಿಳಿಯುತ್ತಾರೆ. ಒಪ್ಪಿಲ್ಲ ತಾನೇ? ಹಾಗಾದರೆ ವಾಕ್ಯಕ್ಕೆ ಕರ್ತೃವನ್ನು ಕೊಡಿ. ವಿದ್ಯಾರ್ಥಿನಿ ವರದಿ ಮಾಡಿದರು. ಸಮಿತಿ ಗಮನಿಸಿತು. ಸಮಿತಿ ಶಿಫಾರಸು ಮಾಡಿತು. ಈ ಮೂರು ಕ್ರಿಯಾಪದ ಸರಿಯಾದ ಜಾಗದಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಅವಳು ಹೇಳಿದ್ದನ್ನು ಹೀಗೆ ಬರೆಯಬಹುದು:

‘ವಿದ್ಯಾರ್ಥಿನಿಯು ಭಟ್ಟಿ ಇಳಿಸಿದ ನೀರಿನಲ್ಲಿ ತಯಾರಿಸಿದ, ಲೀಟರಿಗೆ 10 ಮಿಲಿಗ್ರಾಂ ಫ್ಲೋರೈಡ್ ಇರುವ ದ್ರಾವಣಕ್ಕೆ ಲೀಟರಿಗೆ 2 ಗ್ರಾಂ ಪ್ರಮಾಣದಲ್ಲಿ ಇದ್ದಿಲು ಸೇರಿಸಿದಾಗ ಉಳಿದ ಫ್ಲೋರೈಡ್ 1.2 ಮಿಲಿಗ್ರಾಂ ಎಂದು ವರದಿ ಮಾಡಿದರು. ಇದು ಶೇ. 88ರಷ್ಟು ತೆಗೆದಂತೆ, ಅಂದರೆ ಒಂದು ಗ್ರಾಂ ಇದ್ದಿಲಿಗೆ 4.4 ಮಿಲಿಗ್ರಾಂ ಹೀರಿದಂತೆ ಆಗುತ್ತದೆ ಎಂದು ತಿಳಿಸಿದರು. ಅಳತೆಯನ್ನು ಫ್ಲೋರೈಡ್ ಎಲೆಕ್ಟ್ರೋಡಿನಿಂದ, ಟಿಸಾಬ್ ಸೇರಿಸದೆ, ಒಂದು ಸಲ ಮಾಡಲಾಗಿದೆ ಎಂದು ಪ್ರಶ್ನೆಗೆ ಉತ್ತರವಾಗಿ ತಿಳಿಸಿದರು.’

ಭಟ್ಟಿ ಇಳಿಸಿದ ನೀರು, ಒಂದೇ ಸಲ ಎಂಬುದೆಲ್ಲ ನಾನು ಊಹಿಸಿ ಹಾಕಿದ್ದು. ಅವಳ ನೋಟ್‌ಬುಕ್ ನೋಡಿ ತಿದ್ದಿಕೊಳ್ಳಿ. ಮುಖ್ಯ ಏನೆಂದರೆ, ಒಂದು ಅಂಕಿ ಬರೆದರೆ ಅದು ಯಾವ ನೀರಿನಲ್ಲಿ, ಎಷ್ಟು ಸಲ, ಯಾವುದರಿಂದ ಅಳೆದದ್ದು ಎಂಬುದೂ ಜೊತೆಗೇ ಇರಬೇಕು. ಇಲ್ಲದಿದ್ದರೆ ಆ ಶೇ. 88 ಮುಂದಿನ ಪ್ರಗತಿ ವರದಿಗೆ, ಅಲ್ಲಿಂದ ಪ್ರಬಂಧಕ್ಕೆ ಹಾಗೇ ನಡೆದುಕೊಂಡು ಹೋಗುತ್ತದೆ.

ಆ ಟಿಸಾಬ್ ಪ್ರಶ್ನೆಯ ತೂಕ ಎಷ್ಟು ಎಂದು ನಿಮಗೆ ಸರಿಯಾಗಿ ಗೊತ್ತಿದ್ದರೆ ಮಾತ್ರ ಸಮಿತಿಯ ಮಾತನ್ನು ನೀವು ಸರಿಯಾಗಿ ಬರೆಯಬಲ್ಲಿರಿ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫ್ಲೋರೈಡ್ ಎಲೆಕ್ಟ್ರೋಡ್ ನೀರಿನಲ್ಲಿ ಬಿಡಿಯಾಗಿ ಓಡಾಡುವ ಫ್ಲೋರೈಡನ್ನು ಮಾತ್ರ ಕಾಣುತ್ತದೆ. ಅಲ್ಯೂಮಿನಿಯಂ ಫ್ಲೋರೈಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅದರಲ್ಲೂ ನೀರು ಸ್ವಲ್ಪ ಆಮ್ಲೀಯವಾಗಿದ್ದರೆ. ಹಾಗೆ ಹಿಡಿದುಕೊಂಡ ಫ್ಲೋರೈಡ್ ನೀರಿನಲ್ಲೇ ಇದ್ದರೂ ಎಲೆಕ್ಟ್ರೋಡಿಗೆ ಕಾಣುವುದಿಲ್ಲ. ನಿಮ್ಮ ಇದ್ದಿಲಿನ ಮೇಲೆ ಇರುವುದು ಅಲ್ಯೂಮಿನಾ. ಅದರಿಂದ ಒಂಚೂರು ಅಲ್ಯೂಮಿನಿಯಂ ನೀರಿಗೆ ಬಿಟ್ಟುಕೊಂಡರೂ ಮೀಟರ್ ಕಡಿಮೆ ತೋರಿಸುತ್ತದೆ. ನಾವು ಇದ್ದಿಲು ಹೀರಿತು ಎಂದುಕೊಳ್ಳುತ್ತೇವೆ. ಟಿಸಾಬ್ ಎನ್ನುವ ದ್ರಾವಣ ಪಿಎಚ್ ಅನ್ನು 5ರಿಂದ 5.5ರ ಸುತ್ತ ನಿಲ್ಲಿಸುತ್ತದೆ. ಎಲ್ಲ ಮಾದರಿಗಳಲ್ಲಿ ಲವಣದ ಪ್ರಮಾಣ ಸರಿಸುಮಾರು ಒಂದೇ ಆಗುವಂತೆ ಮಾಡುತ್ತದೆ. ಅದರಲ್ಲಿರುವ ಇನ್ನೊಂದು ವಸ್ತು ಅಲ್ಯೂಮಿನಿಯಮ್ಮನ್ನು ತಾನು ಹಿಡಿದುಕೊಂಡು ಫ್ಲೋರೈಡನ್ನು ಬಿಡಿಸುತ್ತದೆ.

ಅಂದರೆ ನಿಜವಾಗಿ ಉಳಿದದ್ದು 1.2 ಬದಲು 2.4 ಇದ್ದಿರಬಹುದು. ಆಗ ತೆಗೆದದ್ದು ಶೇ. 76, ಒಂದು ಗ್ರಾಮಿಗೆ 3.8 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಟ್ಟ ಲೀಟರಿಗೆ 1.5 ಮಿಲಿಗ್ರಾಂ. 1.2 ಆದರೆ ನೀರು ಆ ಗೆರೆಯ ಒಳಗೆ, 2.4 ಆದರೆ ಹೊರಗೆ. ಪ್ರಬಂಧದ ಮುಖ್ಯ ಮಾತೇ ಈ ಒಂದು ಅಳತೆಯ ಮೇಲೆ ನಿಂತಿದೆ. ಹೊರಗಿನವರು ಒಂದು ಗಂಟೆ ಕೂತು ಕೇಳಿದ್ದು ಅದಕ್ಕೇ. ಅದೇ ಸಮಯಕ್ಕೆ ಇನ್ನೊಂದನ್ನೂ ಗಮನಿಸಿ: 1.2 ಸರಿಯೇ ಇರಬಹುದು. ಅದು ತಪ್ಪು ಎಂದು ಸಭೆಯಲ್ಲಿ ಯಾರೂ ತೋರಿಸಿಲ್ಲ. ಹಾಗಾಗಿ ‘ಫಲಿತಾಂಶ ತಪ್ಪಾಗಿದೆ’ ಎಂದು ಬರೆಯುವ ಹಾಗಿಲ್ಲ. ‘ಫಲಿತಾಂಶ ಉತ್ತಮವಾಗಿದೆ’ ಎಂದೂ ಬರೆಯುವ ಹಾಗಿಲ್ಲ. ಬರೆಯಬೇಕಾದ್ದು ಇಷ್ಟು:

‘ಅಲ್ಯೂಮಿನಾದಿಂದ ನೀರಿಗೆ ಬಿಡುಗಡೆಯಾಗಬಹುದಾದ ಅಲ್ಯೂಮಿನಿಯಂ ಎಲೆಕ್ಟ್ರೋಡಿನ ಅಳತೆಯನ್ನು ಕಡಿಮೆ ತೋರಿಸುವ ಸಾಧ್ಯತೆ ಇದೆ ಎಂದು ಸಮಿತಿ ಗಮನಿಸಿತು. ಟಿಸಾಬ್ ಬಳಸಿ ಮತ್ತೆ ಅಳೆಯುವವರೆಗೆ ಶೇ. 88 ಎಂಬ ಅಂಕಿಯನ್ನು ತಾತ್ಕಾಲಿಕ ಎಂದು ಪರಿಗಣಿಸಬೇಕು ಎಂದು ಅಭಿಪ್ರಾಯಪಟ್ಟಿತು.’

ಆ ‘ತಾತ್ಕಾಲಿಕ’ ಎಂಬ ಪದ ಅವಳನ್ನು ಕಾಯುತ್ತದೆ. ನಾಳೆ ಅಂಕಿ 76ಕ್ಕೆ ಇಳಿದರೆ, ಅವಳು ಮೊದಲು ಸುಳ್ಳು ಹೇಳಿದ್ದಳು ಎಂದು ಯಾರೂ ಬೆರಳು ತೋರಿಸಲು ಆಗುವುದಿಲ್ಲ. ಅನುಮಾನ ಬಂತು, ಮತ್ತೆ ಅಳೆದರು, ತಿದ್ದಿಕೊಂಡರು ಎಂಬುದು ದಾಖಲೆಯಲ್ಲೇ ಇರುತ್ತದೆ. ಇದನ್ನು ಬರೆಯದೆ ‘ತೃಪ್ತಿಕರ’ ಎಂದಷ್ಟೇ ಬರೆದರೆ, ಎರಡು ವರ್ಷದ ಮೇಲೆ ಪ್ರಬಂಧದ ಪರೀಕ್ಷಕರು ಇದೇ ಪ್ರಶ್ನೆ ಕೇಳುತ್ತಾರೆ. ಆಗ ಉತ್ತರಿಸಲು ಅವಳ ಹತ್ತಿರ ಹಳೆಯ ಮಾದರಿಗಳೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.

ಇನ್ನು ಶಿಫಾರಸುಗಳು. ಇಲ್ಲೇ ಹೆಚ್ಚು ನಿಧಾನ ಮಾಡಿ. ಸಭೆಯಲ್ಲಿ ಬಂದ ಎಲ್ಲ ಮಾತೂ ಶಿಫಾರಸಲ್ಲ. ಒಬ್ಬರು ಸುಮ್ನೆ ತಲೆಗೆ ಹೊಳೆದದ್ದನ್ನು ಹೇಳಿರುತ್ತಾರೆ, ‘ಇದನ್ನು ಬೇರೆ ಲೋಹದ ಜೊತೆ ಮಾಡಿದರೆ ಹೇಗೆ?’ ಅಂತ. ಅದನ್ನೂ ಪಟ್ಟಿಗೆ ಸೇರಿಸಿದರೆ ಹನ್ನೊಂದು ಶಿಫಾರಸು ಆಗುತ್ತದೆ, ಹುಡುಗಿ ಯಾವುದನ್ನೂ ಪೂರ್ತಿ ಮಾಡಲಾರಳು. ಸಭೆ ಮುಗಿಯುವ ಮೊದಲೇ ‘ಇದು ಮಾಡಲೇಬೇಕಾದ್ದೋ, ಮಾಡಿದರೆ ಒಳ್ಳೆಯದೋ?’ ಎಂದು ಸದಸ್ಯರನ್ನೇ ಕೇಳಿಬಿಡುವುದು ಒಳ್ಳೆಯ ಅಭ್ಯಾಸ. ನೀವು ಕೇಳಿರದಿದ್ದರೆ ಕರಡು ಕಳಿಸುವಾಗ ಕೇಳಿ. ಕನ್ನಡದಲ್ಲಿ ಈ ವ್ಯತ್ಯಾಸ ಹೇಳುವುದು ಸುಲಭ. ಕಡ್ಡಾಯ ಆದರೆ ‘ಮಾಡಬೇಕು’. ಸಲಹೆ ಆದರೆ ‘ಮಾಡುವುದು ಒಳ್ಳೆಯದು’. ‘ಮಾಡಬಹುದು’ ಎಂದು ಬರೆಯಬೇಡಿ. ಅದು ಅನುಮತಿಯೋ ಸಲಹೆಯೋ ಅಪ್ಪಣೆಯೋ ಯಾರಿಗೂ ಗೊತ್ತಾಗುವುದಿಲ್ಲ.

‘ಅಳತೆಯ ವಿಧಾನವನ್ನು ಸುಧಾರಿಸಬೇಕು’ ಎಂದರೆ ನನ್ನ ಹಳೆಯ ‘ಕೆಲವು ಮಾದರಿ’ಯ ಕತೆಯೇ ಮತ್ತೆ. ಅದನ್ನು ಹೀಗೆ ಬರೆದು ನೋಡಿ:

‘ಶಿಫಾರಸು 1. ಮೇಲೆ ಹೇಳಿದ ಪ್ರಯೋಗವನ್ನು ಅದೇ ಪ್ರಮಾಣದಲ್ಲಿ, ಬೇರೆ ಬೇರೆಯಾಗಿ ತಯಾರಿಸಿದ ಮೂರು ಬ್ಯಾಚ್ ಇದ್ದಿಲಿನೊಂದಿಗೆ ಮತ್ತೆ ಮಾಡಬೇಕು. ಎಲ್ಲ ಅಳತೆಗಳನ್ನೂ ಟಿಸಾಬ್ ಸೇರಿಸಿ ಮಾಡಬೇಕು. ಪ್ರತಿ ಬ್ಯಾಚಿನ ಒಂದು ಮಾದರಿಗೆ ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಫ್ಲೋರೈಡ್ ಸೇರಿಸಿ, ಅದರಲ್ಲಿ ಎಷ್ಟು ಮರಳಿ ಸಿಕ್ಕಿತು ಎಂಬುದನ್ನು ವರದಿ ಮಾಡಬೇಕು. ಮೂರೂ ಬ್ಯಾಚಿನ ಮೂಲ ಅಳತೆಗಳನ್ನು ಸರಾಸರಿಯ ಜೊತೆಗೆ ಕೊಡಬೇಕು. ಜವಾಬ್ದಾರಿ: ವಿದ್ಯಾರ್ಥಿನಿ. ಗಡುವು: ಸಭೆಯಿಂದ ಆರು ವಾರ.’

ಗಡುವಿನ ಜಾಗದಲ್ಲಿ ಕ್ಯಾಲೆಂಡರ್ ನೋಡಿ ದಿನಾಂಕವನ್ನೇ ಹಾಕಿ. ‘ಶೀಘ್ರವಾಗಿ’ ಎನ್ನುವುದು ಗಡುವಲ್ಲ.

ಆ ಮರಳಿ ಸಿಗುವ ಪರೀಕ್ಷೆಯನ್ನು ಲ್ಯಾಬಿನಲ್ಲಿ ಸ್ಪೈಕ್ ರಿಕವರಿ ಅನ್ನುತ್ತಾರೆ. ಇದೊಂದು ಸರಳ ಕೆಲಸ. ಮಾದರಿಯಲ್ಲಿ 1.2 ಇದೆ ಎಂದು ಮೀಟರ್ ಹೇಳುತ್ತದೆ ಅಂತ ಇಟ್ಟುಕೊಳ್ಳಿ. ಅದಕ್ಕೆ 2 ಸೇರಿಸಿದರೆ 3.2 ತೋರಿಸಬೇಕು. 2.6 ತೋರಿಸಿದರೆ ಸೇರಿಸಿದ 2ರಲ್ಲಿ 1.4 ಮಾತ್ರ ಕಂಡಿದೆ, ಅಂದರೆ ಶೇ. 70. ಏನೋ ಒಂದು ಫ್ಲೋರೈಡನ್ನು ಮುಚ್ಚಿಟ್ಟುಕೊಂಡಿದೆ, ಅಥವಾ ಮೀಟರ್ ಹೊಂದಿಸುವುದರಲ್ಲಿ ತಪ್ಪಾಗಿದೆ. ಶೇ. 100ರ ಆಸುಪಾಸಿನಲ್ಲಿ ಬಂದರೆ ಅಳತೆಯ ಮೇಲೆ ಧೈರ್ಯ ಬರುತ್ತದೆ. ಎಷ್ಟರಿಂದ ಎಷ್ಟರವರೆಗೆ ಬಂದರೆ ಒಪ್ಪುತ್ತೀರಿ ಎಂದು ಹೊರಗಿನ ಸದಸ್ಯರನ್ನು ಈಗಲೇ ಕೇಳಿ, ಆ ಮಿತಿಯನ್ನೂ ಶಿಫಾರಸಿನಲ್ಲೇ ಹಾಕಿ. ಅವಳು ಫಲಿತಾಂಶ ತಂದ ಮೇಲೆ ಮಿತಿ ಗೊತ್ತು ಮಾಡುವುದು ಅವಳಿಗೆ ಮಾಡುವ ಅನ್ಯಾಯ.

ಎರಡನೆಯದು ಅಲ್ಯೂಮಿನಿಯಂ. ಅದೇ ಮೂರು ಬ್ಯಾಚಿನ ಇದ್ದಿಲಿನಿಂದ ಶುದ್ಧಗೊಳಿಸಿದ ನೀರಿನಲ್ಲಿ ಎಷ್ಟು ಅಲ್ಯೂಮಿನಿಯಂ ಇದೆ ಎಂದು ಅಳೆಯಬೇಕು. ಇದು ಎಲೆಕ್ಟ್ರೋಡಿನ ಅನುಮಾನಕ್ಕೂ ಉತ್ತರ, ಆ ನೀರನ್ನು ಕುಡಿಯಬಹುದೇ ಎಂಬುದಕ್ಕೂ ಬೇಕು. ಆದರೆ ಇದಕ್ಕೆ ಬೇಕಾದ ಉಪಕರಣ ನಿಮ್ಮ ವಿಭಾಗದಲ್ಲಿ ಇಲ್ಲದೇ ಇರಬಹುದು. ಹಾಗಿದ್ದರೆ ಶಿಫಾರಸಿನಲ್ಲಿ ನಿಮ್ಮ ಹೆಸರೂ ಬರಬೇಕು: ‘ಉಪಕರಣದ ವ್ಯವಸ್ಥೆಯನ್ನು ಮಾರ್ಗದರ್ಶಕರು ಇಂಥ ದಿನಾಂಕದೊಳಗೆ ಮಾಡಬೇಕು.’ ಗೈಡ್ ಮೇಲಿನ ಹೊಣೆಯನ್ನು ನಡಾವಳಿಯಲ್ಲಿ ಬರೆಯುವುದನ್ನು ನಾನು ತುಂಬಾ ಕಡಿಮೆ ನೋಡಿದ್ದೇನೆ. ಇದು ಬದಲಾಗಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಉಪಕರಣ ಕೆಟ್ಟು ಮೂರು ತಿಂಗಳು ನಿಂತರೆ, ನಡಾವಳಿಯಲ್ಲಿ ಬರೀ ವಿದ್ಯಾರ್ಥಿನಿಯ ಹೆಸರು ಇದ್ದರೆ, ತಡ ಮಾಡಿದ್ದು ಅವಳೇ ಎಂದಾಗುತ್ತದೆ.

ಮೂರನೆಯದು ನಿಜವಾದ ನೀರು. ಇದನ್ನು ನಿಮ್ಮ ಸಭೆಯಲ್ಲಿ ಯಾರಾದರೂ ಎತ್ತಿದ್ದರೆ ಮಾತ್ರ ಬರೆಯಿರಿ. ಎತ್ತಿರದಿದ್ದರೆ ಮುಂದಿನ ಸಭೆಯಲ್ಲಿ ಖಂಡಿತ ಎತ್ತುತ್ತಾರೆ. ಫ್ಲೋರೈಡ್ ಜಾಸ್ತಿ ಇರುವ ಅಂತರ್ಜಲದಲ್ಲಿ ಸಾಮಾನ್ಯವಾಗಿ ಬೈಕಾರ್ಬೊನೇಟ್ ಕೂಡ ಜಾಸ್ತಿ ಇರುತ್ತದೆ. ಅದು ಇದ್ದಿಲಿನ ಮೇಲಿನ ಜಾಗಕ್ಕೆ ಫ್ಲೋರೈಡಿನ ಜೊತೆ ಪೈಪೋಟಿ ಮಾಡುತ್ತದೆ, ಪಿಎಚ್ ಅನ್ನೂ ಮೇಲೆ ಹಿಡಿಯುತ್ತದೆ. ಭಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಬೋರ್‌ವೆಲ್ ನೀರಿನಲ್ಲಿ ಮುಗ್ಗರಿಸುವುದು ಹೀಗೇ. ಶಿಫಾರಸು ಬರೆದರೆ ಎಷ್ಟು ಮೂಲದ ನೀರು, ಪ್ರತಿಯೊಂದರಲ್ಲೂ ಮೊದಲು ಏನೇನು ಅಳೆಯಬೇಕು ಎಂದು ಬರೆಯಿರಿ. ಇದನ್ನು ಆರು ವಾರದಲ್ಲಿ ಕೇಳಬೇಡಿ, ಮುಂದಿನ ಪರಿಶೀಲನೆಯವರೆಗೆ ಸಮಯ ಕೊಡಿ. ಮೊದಲ ಶಿಫಾರಸು ಮುಗಿಯದೆ ಇದನ್ನು ಶುರು ಮಾಡಿದರೆ ಅಳತೆಯೇ ನಂಬಿಕೆಗೆ ಬಾರದ ಇನ್ನಷ್ಟು ಅಂಕಿಗಳು ಸೇರುತ್ತವೆ. ಆದ್ದರಿಂದ ‘ಶಿಫಾರಸು 1 ಪೂರ್ಣಗೊಂಡ ನಂತರ’ ಎಂದು ಕ್ರಮವನ್ನೂ ಬರೆಯಿರಿ.

ಅವಳು ಪೇಪರ್ ಕಳಿಸುವ ತಯಾರಿಯಲ್ಲಿ ಇದ್ದರೆ, ಶಿಫಾರಸು 1 ಮುಗಿಯುವವರೆಗೆ ಕಳಿಸಬಾರದೇ ಎಂಬುದರ ಬಗ್ಗೆ ಸಮಿತಿ ಏನು ಹೇಳಿತು ಅದನ್ನೂ ಒಂದು ಸಾಲಿನಲ್ಲಿ ಹಾಕಿ.

ಸದಸ್ಯರ ನಡುವೆ ಭಿನ್ನಾಭಿಪ್ರಾಯ ಬಂದಿತ್ತೇ? ಒಬ್ಬರು ವಿಷಯವನ್ನೇ ಬದಲಿಸಿ ಎಂದು, ಇನ್ನೊಬ್ಬರು ಬೇಡ ಎಂದು ಹೇಳಿದ್ದರೆ ಎರಡನ್ನೂ ಶಿಫಾರಸಿನ ಪಟ್ಟಿಗೆ ಹಾಕಬೇಡಿ. ಹುಡುಗಿ ಎರಡನ್ನೂ ಪಾಲಿಸುವುದು ಹೇಗೆ? ‘ವಿಷಯವನ್ನು ಮರುಪರಿಶೀಲಿಸಬೇಕು ಎಂದು ಒಬ್ಬ ಸದಸ್ಯರು ಅಭಿಪ್ರಾಯಪಟ್ಟರು. ಚರ್ಚೆಯ ನಂತರ ಸಮಿತಿ ಈಗಿನ ವಿಷಯವನ್ನೇ ಮುಂದುವರಿಸಲು ತೀರ್ಮಾನಿಸಿತು’ ಎಂದು ಬರೆಯಿರಿ. ಪ್ರಶ್ನೆ ಕೇಳಿದವರ ಹೆಸರು ಸಾಮಾನ್ಯವಾಗಿ ಬೇಡ. ತಮ್ಮ ಭಿನ್ನಮತ ದಾಖಲಾಗಲಿ ಎಂದು ಯಾರಾದರೂ ಕೇಳಿದರೆ ಮಾತ್ರ ಹೆಸರು ಹಾಕಿ.

ಕೊನೆಗೆ ಒಟ್ಟು ಅಭಿಪ್ರಾಯ. ನೀವು ಹೇಳಿದಷ್ಟು ಕೇಳಿ ನನಗೆ ಅನ್ನಿಸುವುದು, ಇದು ‘ತೃಪ್ತಿಕರ’ವೇ. ಅವಳು ಕೆಲಸ ಮಾಡಿದ್ದಾಳೆ, ಪದಾರ್ಥ ತಯಾರಾಗಿದೆ, ಪ್ರಯೋಗ ನಡೆದಿದೆ. ಅಳತೆಯ ಒಂದು ಹೆಜ್ಜೆ ಬಿಟ್ಟುಹೋಗಿದೆ, ಅದನ್ನು ಸರಿಮಾಡುವ ದಾರಿ ಗೊತ್ತಿದೆ. ಆದರೆ ತೀರ್ಪು ಸಮಿತಿಯದು, ನನ್ನದಲ್ಲ. ನಿಮ್ಮ ಒಬ್ಬರದೂ ಅಲ್ಲ. ಫಾರಂನಲ್ಲಿ ಎರಡೇ ಚೌಕ ಇದ್ದರೆ ಒಂದಕ್ಕೆ ಗುರುತು ಹಾಕಿ, ಕೆಳಗೆ ಕಾರಣ ಬರೆಯಿರಿ: ‘ಯೋಜಿಸಿದ ಪ್ರಯೋಗಗಳು ಪೂರ್ಣಗೊಂಡಿರುವುದರಿಂದ ಪ್ರಗತಿ ತೃಪ್ತಿಕರ. ಫಲಿತಾಂಶಗಳ ಅಂಗೀಕಾರ ಶಿಫಾರಸು 1 ಮತ್ತು 2ಕ್ಕೆ ಒಳಪಟ್ಟಿದೆ.’ ಪ್ರಗತಿ ಬೇರೆ, ಫಲಿತಾಂಶದ ಅಂಗೀಕಾರ ಬೇರೆ. ಈ ಎರಡನ್ನು ಬಿಡಿಸಿ ಬರೆದರೆ ನಿಮ್ಮ ಅರ್ಧ ಆತಂಕ ಕಡಿಮೆ ಆಗುತ್ತದೆ.

ಕಾರಣ ಬರೆಯುವುದು ಬರೀ ಒಳ್ಳೆಯ ಅಭ್ಯಾಸ ಅಂತ ಹೇಳುತ್ತಿಲ್ಲ. ಭಾರತದ ವಿಶ್ವವಿದ್ಯಾಲಯಗಳಿಗೆ ಯುಜಿಸಿಯ 2022ರ ಪಿಎಚ್‌.ಡಿ. ನಿಯಮಗಳಿವೆ. ಅವುಗಳ ಪ್ರಕಾರ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿನಲ್ಲೂ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕು. ಸಮಿತಿಯ ಶಿಫಾರಸಿನ ಒಂದು ಪ್ರತಿ ವಿದ್ಯಾರ್ಥಿಗೂ ಸಿಗಬೇಕು. ಪ್ರಗತಿ ಸಾಲದು ಎಂದಾದರೆ ಕಾರಣಗಳನ್ನು ದಾಖಲಿಸಿ, ಸರಿಪಡಿಸುವ ಕ್ರಮಗಳನ್ನೂ ಹೇಳಬೇಕು. ಆ ಕ್ರಮಗಳನ್ನು ವಿದ್ಯಾರ್ಥಿ ಪಾಲಿಸದಿದ್ದರೆ ಮಾತ್ರ, ಅದೂ ನಿರ್ದಿಷ್ಟ ಕಾರಣ ಕೊಟ್ಟು, ನೋಂದಣಿ ರದ್ದು ಮಾಡಲು ಸಮಿತಿ ಶಿಫಾರಸು ಮಾಡಬಹುದು. ಇದನ್ನು ಓದಿದರೆ ಮೊಗಮ್ಮಾಗಿ ಬರೆದ ನಡಾವಳಿ ಯಾಕೆ ಅಪಾಯ ಎಂದು ಗೊತ್ತಾಗುತ್ತದೆ. ‘ಸುಧಾರಿಸಬೇಕು’ ಎಂದಷ್ಟೇ ಇದ್ದರೆ, ಸುಧಾರಿಸಿದ್ದೇನೆ ಎಂದು ಅವಳು ತೋರಿಸುವುದು ಹೇಗೆ?

ವ್ಯಕ್ತಿಯ ಬಗ್ಗೆ ಏನೂ ಬರೆಯಬೇಡಿ. ‘ಆಸಕ್ತಿ ಕಡಿಮೆ’, ‘ಉತ್ತರಿಸಲು ತಡವರಿಸಿದರು’, ‘ಬಹಳ ಶ್ರಮಜೀವಿ’ ಎಲ್ಲವೂ ಬೇಡ. ಹೊಗಳಿಕೆಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅವಳ ಶ್ರಮ ಕಾಣಬೇಕಾದರೆ, ಆರು ತಿಂಗಳಲ್ಲಿ ಎಷ್ಟು ಬ್ಯಾಚ್ ತಯಾರಿಸಿದಳು, ಎಷ್ಟು ಪ್ರಯೋಗ ಮಾಡಿದಳು ಎಂದು ಅಂಕಿಯಲ್ಲಿ ಬರೆಯಿರಿ. ಅದನ್ನು ಯಾರೂ ಅಳಿಸಲಾರರು.

ಕರಡನ್ನು ನೀವೇ ಬರೆಯಿರಿ, ಅವಳ ಕೈಯಲ್ಲಿ ಬರೆಸಬೇಡಿ. ಇದು ತುಂಬಾ ಕಡೆ ನಡೆಯುತ್ತದೆ. ತನ್ನ ಮೇಲೆ ಬಂದ ಟೀಕೆಯನ್ನು ತಾನೇ ಬರೆಯಬೇಕಾದವರು ಒಂದೋ ಅದನ್ನು ಮೆತ್ತಗೆ ಮಾಡುತ್ತಾರೆ, ಇಲ್ಲವೇ ಹೆದರಿ ಇದ್ದದ್ದಕ್ಕಿಂತ ಕಟುವಾಗಿ ಬರೆಯುತ್ತಾರೆ. ಅವಳಿಂದ ಒಂದು ಪುಟದ ಫಲಿತಾಂಶ ಪಟ್ಟಿ ತೆಗೆದುಕೊಂಡು ಅನುಬಂಧವಾಗಿ ಸೇರಿಸಿ, ಅಷ್ಟು ಸಾಕು. ನೀವು ಗೈಡ್, ಅವಳ ಪರವಾಗಿ ಮನಸ್ಸು ವಾಲುವುದು ಸಹಜ. ಆದ್ದರಿಂದ ಕರಡನ್ನು ಎರಡು ಮೂರು ದಿನದಲ್ಲೇ ಎಲ್ಲ ಸದಸ್ಯರಿಗೂ ಕಳಿಸಿ. ಗಮನಿಸಿದ ವಿಷಯ ಮತ್ತು ಶಿಫಾರಸು ಇರುವ ಭಾಗವನ್ನು ಹೊರಗಿನ ಸದಸ್ಯರು ಓದಿ ತಿದ್ದಲಿ. ವಾರ ಕಳೆದರೆ ಅವರಿಗೂ ಮರೆಯುತ್ತದೆ. ಸಹಿಯಾದ ಪ್ರತಿ ಅವಳಿಗೆ ಸಿಗಲಿ. ಅದರಲ್ಲಿ ಏನಾದರೂ ಸರಿಯಿಲ್ಲ ಎಂದು ಅವಳಿಗೆ ಅನ್ನಿಸಿದರೆ ಬರೆದು ಕೊಡಲಿ, ಅದನ್ನು ಕಡತಕ್ಕೆ ಸೇರಿಸಿ ಮುಂದಿನ ಸಭೆಯ ಮೊದಲ ವಿಷಯವಾಗಿ ಎತ್ತಿಕೊಳ್ಳಿ. ಸಹಿ ಬಿದ್ದ ಹಾಳೆಯನ್ನು ಮಾತ್ರ ತಿದ್ದಬೇಡಿ.

ಒಂದು ಆಸೆ ನಿಮಗೆ ಬಂದೇ ಬರುತ್ತದೆ. ಟಿಸಾಬ್ ಹಾಕಿ ಮತ್ತೆ ಅಳೆಯುವುದು ಒಂದು ದಿನದ ಕೆಲಸ. ಕರಡು ಸಿದ್ಧವಾಗುವ ಮೊದಲೇ ಅವಳು ಅಳೆದು ‘ಮೇಡಂ, 1.3 ಬಂತು’ ಎಂದು ಓಡಿ ಬರಬಹುದು. ಸಂತೋಷವಾಗುತ್ತದೆ, ಆ ಅಂಕಿಯನ್ನು ಸೇರಿಸಿ ಅನುಮಾನದ ಸಾಲನ್ನು ತೆಗೆದುಬಿಡೋಣ ಅನ್ನಿಸುತ್ತದೆ. ಸೇರಿಸಬೇಡಿ. ಆ ಅಂಕಿ ಸಭೆಯ ದಿನ ಇರಲಿಲ್ಲ, ಸದಸ್ಯರು ಅದನ್ನು ನೋಡಿಲ್ಲ. ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಲಿ. ಉಳಿದ ಎರಡು ಬ್ಯಾಚನ್ನೂ ಮುಗಿಸಲಿ. ಐದನೇ ಸಭೆಯ ಕೋಷ್ಟಕದ ಮೊದಲ ಸಾಲಿನಲ್ಲಿ, ‘ಆಗಿದ್ದು ಏನು’ ಎಂಬ ಜಾಗದಲ್ಲಿ, ಮೂರೂ ಅಂಕಿಗಳು ಒಟ್ಟಿಗೆ ಬರಲಿ.